ಇನ್‌ಕ್ರಿಮೆಂಟ್ ಬಂದರೆ ಕೈಗೆ ಬರುವ ಸಂಬಳ ಇಳಿಯುತ್ತದೆಯೇ?

"ಈ ಸಲ ಇನ್‌ಕ್ರಿಮೆಂಟ್ ಬೇಡ ಅಂದ್ಬಿಡ್ತೀನಿ ಸಾರ್, ಇಪ್ಪತ್ತು ಪರ್ಸೆಂಟಿನ ಸ್ಲ್ಯಾಬಿಗೆ ಹೋಗ್ಬಿಡ್ತೀನಿ." ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕ್ಯಾಂಟೀನುಗಳಲ್ಲಿ ಮಾರ್ಚ್ ಹತ್ತಿರ ಬಂದಾಗ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಲೆಕ್ಕ ಬಾರದವರಲ್ಲ, ಮೈಕ್ರಾನಿನ ಹತ್ತನೇ ಒಂದು ಭಾಗ ಅಳೆಯಬಲ್ಲ ಇಂಜಿನಿಯರುಗಳು. ಅವರು ಎಡವುವುದು ಒಂದೇ ಕಡೆ: ಸ್ಲ್ಯಾಬ್ ಅನ್ವಯಿಸುವುದು ಮನುಷ್ಯನಿಗೆ ಎಂದುಕೊಂಡಿದ್ದಾರೆ. ಅದು ಅನ್ವಯಿಸುವುದು ರೂಪಾಯಿಗೆ.

ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಆರ್ಥಿಕ ವರ್ಷದಿಂದ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ನಂತರದ ಪ್ರತಿ 4 ಲಕ್ಷಕ್ಕೆ ಶೇ. 5, 10, 15, 20, 25 ಹೀಗೆ ದರ ಏರುತ್ತದೆ. 24 ಲಕ್ಷದ ಮೇಲಿನದ್ದಕ್ಕೆ ಶೇ. 30. ಬಂದ ತೆರಿಗೆಯ ಮೇಲೆ ಶೇ. 4 ಸೆಸ್.

ಒಬ್ಬರ ಲೆಕ್ಕ ಹಾಕಿ ನೋಡೋಣ. ವಾರ್ಷಿಕ ಸಂಬಳ 16,65,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ತೆರಿಗೆಗೆ ಒಳಪಡುವ ಆದಾಯ 15,90,000. ಎರಡನೇ 4 ಲಕ್ಷಕ್ಕೆ 20,000, ಮೂರನೆಯದಕ್ಕೆ 40,000, ಉಳಿದ 3,90,000ಕ್ಕೆ ಶೇ. 15ರಂತೆ 58,500. ಒಟ್ಟು 1,18,500, ಸೆಸ್ ಸೇರಿ 1,23,240.

ಈಗ ತಿಂಗಳಿಗೆ 5,000ದಂತೆ ವರ್ಷಕ್ಕೆ 60,000 ಇನ್‌ಕ್ರಿಮೆಂಟ್ ಬಂತು. ಆದಾಯ 16,50,000 ಆಯಿತು, 16 ಲಕ್ಷದ ಗೆರೆ ದಾಟಿತು. ಆದರೆ ದಾಟಿದ್ದು 50,000 ರೂಪಾಯಿ ಮಾತ್ರ. ಹೊಸ 60,000ದಲ್ಲಿ ಮೊದಲ 10,000 ಹಳೆಯ ಶೇ. 15ರ ಸ್ಲ್ಯಾಬಿನಲ್ಲೇ ತುಂಬಿಕೊಂಡು 1,500 ಕೊಡುತ್ತದೆ, ಉಳಿದ 50,000 ಶೇ. 20ರಂತೆ 10,000 ಕೊಡುತ್ತದೆ. ಸೆಸ್ ಸೇರಿ ಹೆಚ್ಚುವರಿ ತೆರಿಗೆ 11,960. ಕೈಯಲ್ಲಿ ಉಳಿಯುವುದು 48,040. ಹಿಂದಿನ 15,90,000ದ ಮೇಲಿನ ತೆರಿಗೆ ಒಂದು ಪೈಸೆಯೂ ಬದಲಾಗಲಿಲ್ಲ.

ಇಲ್ಲಿ ಎರಡು ದರಗಳಿವೆ, ಜನ ಬೆರೆಸಿಬಿಡುವುದೂ ಇವೆರಡನ್ನೇ. ಕೊನೆಯದಾಗಿ ಗಳಿಸಿದ ರೂಪಾಯಿಯ ಮೇಲಿನ ದರ ಅಂಚಿನ ದರ. ಈ ಉದ್ಯೋಗಿಗೆ ಅದು ಸೆಸ್ ಸೇರಿ ಶೇ. 15.6ರಿಂದ 20.8ಕ್ಕೆ ಜಿಗಿಯಿತು. ಒಟ್ಟು ತೆರಿಗೆಯನ್ನು ತೆರಿಗೆಗೆ ಒಳಪಡುವ ಆದಾಯದಿಂದ ಭಾಗಿಸಿದರೆ ಸಿಗುವುದು ಸರಾಸರಿ ದರ, ಅದು ಶೇ. 7.75ರಿಂದ 8.19ಕ್ಕೆ ಸರಿಯಿತು, ಅಷ್ಟೇ. ಇನ್‌ಕ್ರಿಮೆಂಟಿನಲ್ಲಿ ಎಷ್ಟು ಉಳಿಯುತ್ತದೆ ಎಂದು ತಿಳಿಯಲು ಅಂಚಿನ ದರ ಬೇಕು, ವರ್ಷಕ್ಕೆ ಎಷ್ಟು ಕಟ್ಟುತ್ತೀರಿ ಎಂಬುದಕ್ಕೆ ಸರಾಸರಿ ದರ. ಅಂಚಿನ ದರ ಶೇ. 100ಕ್ಕಿಂತ ಕೆಳಗಿರುವ ತನಕ ಹೆಚ್ಚು ಗಳಿಸಿದವರಿಗೆ ಹೆಚ್ಚು ಉಳಿಯಲೇಬೇಕು. ಸ್ಲ್ಯಾಬ್ ಪಟ್ಟಿಯಲ್ಲಿ ಅತಿ ಎತ್ತರದ ಸಂಖ್ಯೆ 30.

ಹಾಗಾದರೆ ಈ ಭಯ ಹುಟ್ಟಿದ್ದು ಎಲ್ಲಿ? ಒಂದು ಕಾಲದಲ್ಲಿ ಇದು ನಿಜವೇ ಆಗಿತ್ತು. 1860ರಲ್ಲಿ ಜೇಮ್ಸ್ ವಿಲ್ಸನ್ ಬ್ರಿಟಿಷ್ ಇಂಡಿಯಾಕ್ಕೆ ಆದಾಯ ತೆರಿಗೆ ತಂದಾಗ ವರ್ಷಕ್ಕೆ 200ರಿಂದ 500 ರೂಪಾಯಿ ಗಳಿಸುವವರಿಗೆ ಶೇ. 2, ಅದಕ್ಕಿಂತ ಮೇಲಿನವರಿಗೆ ಶೇ. 4 ಎಂದು ದರ ಇಟ್ಟಿದ್ದ. ಆದಾಯ ಯಾವ ಮೆಟ್ಟಿಲಿನಲ್ಲಿದೆಯೋ ಆ ಮೆಟ್ಟಿಲಿನ ದರ ಇಡೀ ಆದಾಯಕ್ಕೆ ಬೀಳುವ ಈ ಕ್ರಮದಲ್ಲಿ ಗೆರೆ ದಾಟಿದವನಿಗೆ ನಷ್ಟವೇ. 1939ರ ತಿದ್ದುಪಡಿ ಅದನ್ನು ತೆಗೆದು ಇಂದಿನ ಸ್ಲ್ಯಾಬ್ ಕ್ರಮ ತಂದಿತು. ಅಂದರೆ ಕ್ಯಾಂಟೀನಿನ ಲೆಕ್ಕ ತಪ್ಪಲ್ಲ, ಎಂಟು ದಶಕಕ್ಕೂ ಹಳೆಯದು.

ಹಳೆಯ ಮೆಟ್ಟಿಲಿನ ರುಚಿ ನಮಗೆ ಇವತ್ತಿಗೂ ಮನೆಯಲ್ಲೇ ಸಿಗುತ್ತದೆ, ಸೆಸ್ಕ್ ಕಂಪನಿಯ ಕರೆಂಟ್ ಬಿಲ್ಲಿನಲ್ಲಿ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ದಾಟಿದ ಯೂನಿಟ್ಟಿಗಷ್ಟೇ ಅಲ್ಲ, ಇಡೀ ಬಿಲ್ಲಿಗೆ ದುಡ್ಡು ಕಟ್ಟಬೇಕು. ಒಂದು ಯೂನಿಟ್ಟಿಗೆ ಸಾವಿರಕ್ಕೂ ಮಿಕ್ಕಿ ಕಟ್ಟಿದ ಮನೆಯವರು ತೆರಿಗೆಯೂ ಹೀಗೇ ಇರಬೇಕು ಎಂದುಕೊಂಡರೆ ಅಚ್ಚರಿಯಿಲ್ಲ.

ಆದರೆ ತೆರಿಗೆಯೊಳಗೂ ಅಂಥದೊಂದು ಮೆಟ್ಟಿಲು ಅಡಗಿದೆ. ಅದು ಸ್ಲ್ಯಾಬ್ ಅಲ್ಲ, ರಿಬೇಟ್. ಆದಾಯ 12 ಲಕ್ಷದ ಒಳಗಿದ್ದರೆ ಸ್ಲ್ಯಾಬ್ ಪ್ರಕಾರ ಬರುವ 60,000ದವರೆಗಿನ ತೆರಿಗೆ ಪೂರ್ತಿ ಮನ್ನಾ. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಈ ಮಿತಿ 12,75,000. ಅದನ್ನು ದಾಟಿದ ಕೂಡಲೇ ಮನ್ನಾ ಮಾಯ. ಹೀಗೇ ಬಿಟ್ಟರೆ ಹತ್ತು ರೂಪಾಯಿ ಹೆಚ್ಚಾದವರಿಗೆ ಅರವತ್ತು ಸಾವಿರದ ಹೊಡೆತ. ಅದನ್ನು ತಪ್ಪಿಸಲು ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷದ ಮೇಲೆ ಎಷ್ಟು ಗಳಿಸಿದಿರೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ.

ಸೂಕ್ಷ್ಮ ಇರುವುದು ಸೆಸ್‌ನಲ್ಲಿ. ಅದು ರಿಲೀಫ್ ಕೊಟ್ಟ ನಂತರದ ತೆರಿಗೆಯ ಮೇಲೆ ಬೀಳುತ್ತದೆ. ಸಂಬಳ 12,75,000 ಇದ್ದವರಿಗೆ 30,000 ಇನ್‌ಕ್ರಿಮೆಂಟ್ ಬಂದರೆ ಸ್ಲ್ಯಾಬ್ ತೆರಿಗೆ 64,500 ಆಗಬೇಕಿತ್ತು. ರಿಲೀಫ್ ಅದನ್ನು 30,000ಕ್ಕೆ ಇಳಿಸುತ್ತದೆ. ಸೆಸ್ 1,200 ಸೇರಿ 31,200. ಇನ್‌ಕ್ರಿಮೆಂಟಿಗಿಂತ 1,200 ಜಾಸ್ತಿ! ಈ ಇಕ್ಕಟ್ಟಿನಲ್ಲಿ ಅಂಚಿನ ದರ ಶೇ. 104. ಹೆಚ್ಚಳ ಸುಮಾರು 70,600 ಮುಟ್ಟಿದಾಗ ನಷ್ಟ ಅತಿ ಹೆಚ್ಚು, ಆಗಲೂ 2,824 ರೂಪಾಯಿ. ಸುಮಾರು 74,000 ದಾಟಿದ ಮೇಲೆ ಮತ್ತೆ ಲಾಭ. ಒಂದು ಲಕ್ಷ ಹೆಚ್ಚಾದರೆ ತೆರಿಗೆ 78,000, ಉಳಿಯುವುದು 22,000. ಈ ಸಣ್ಣ ಕೊರಕಲಿನಲ್ಲಿ ಸಿಕ್ಕಿಕೊಂಡವರು ಹೆಚ್ಚಳದ ಒಂದಂಶವನ್ನು ಉದ್ಯೋಗದಾತರ ಎನ್‌ಪಿಎಸ್ ವಂತಿಗೆಯಾಗಿ ಕೇಳಬಹುದು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ ಅದು ಹೊಸ ಪದ್ಧತಿಯಲ್ಲೂ ಆದಾಯದಿಂದ ಕಳೆಯುತ್ತದೆ.

ಹಳೆಯ ಪದ್ಧತಿ ಇನ್ನೂ ಒರಟು. ಅಲ್ಲಿ 5 ಲಕ್ಷದವರೆಗೆ ರಿಬೇಟ್ ಇದೆ, ಮಾರ್ಜಿನಲ್ ರಿಲೀಫ್ ಇಲ್ಲ. ಆದಾಯ 5,00,000 ಇದ್ದರೆ ತೆರಿಗೆ ಸೊನ್ನೆ, 5,00,010 ಆದರೆ ಸುಮಾರು 13,000. ಅಲ್ಲಿರುವವರು ವರ್ಷದ ಕೊನೆಗೆ ಬ್ಯಾಂಕಿನ ಬಡ್ಡಿಯನ್ನೂ ಕೂಡಿಸಿ ನೋಡದಿದ್ದರೆ ಕೆಡುವುದೇ ಹೀಗೆ.

ಇಷ್ಟೆಲ್ಲ ಹೇಳಿದರೂ "ನನ್ನ ಪೇ ಸ್ಲಿಪ್ ನೋಡಿ" ಎನ್ನುವವರಿದ್ದಾರೆ. ಸರಿ, ಅದನ್ನೂ ನೋಡೋಣ. ಮೊದಲ ಉದಾಹರಣೆಯ ಉದ್ಯೋಗಿಗೆ ತಿಂಗಳಿಗೆ 10,270 ಟಿಡಿಎಸ್ ಕಡಿತವಾಗುತ್ತಿತ್ತು. ಅವರ 5,000ದ ಇನ್‌ಕ್ರಿಮೆಂಟ್ ಏಪ್ರಿಲ್‌ನಿಂದ ಜಾರಿ ಎಂದು ಜನವರಿಯಲ್ಲಿ ಆದೇಶ ಬಂತು. ಒಂಬತ್ತು ತಿಂಗಳ ಅರಿಯರ್ಸ್ 45,000 ಜನವರಿಯಲ್ಲೇ ಖಾತೆಗೆ ಬಿತ್ತು. ಇಡೀ ವರ್ಷದ ಹೆಚ್ಚುವರಿ ತೆರಿಗೆ 11,960ನ್ನು ಮಾತ್ರ ಉಳಿದ ಮೂರು ತಿಂಗಳಲ್ಲೇ ಹಿಡಿಯಬೇಕು, ತಿಂಗಳಿಗೆ 3,987. ಹಾಗಾಗಿ ಫೆಬ್ರವರಿಯಲ್ಲಿ 5,000 ಹೆಚ್ಚಾದರೂ ಕೈಗೆ ಬರುವುದು 1,013 ಮಾತ್ರ ಜಾಸ್ತಿ. ಲೆಕ್ಕ ವಿಭಾಗದವರು ಮಾರ್ಚ್‌ವರೆಗೆ ಟಿಡಿಎಸ್ ಪರಿಷ್ಕರಿಸದೆ ಬಿಟ್ಟರಂತೂ ಇಡೀ 11,960 ಒಂದೇ ಸಲ ಹೋಗಿ, ಮಾರ್ಚ್ ಸಂಬಳ ಇನ್‌ಕ್ರಿಮೆಂಟಿಗಿಂತ ಮುಂಚಿನದಕ್ಕಿಂತಲೂ 6,960 ಕಡಿಮೆ ಬರುತ್ತದೆ. ಜನರಿಗೆ ನೆನಪಿರುವುದು ಆ ಮಾರ್ಚ್, ಜನವರಿಯ ಅರಿಯರ್ಸ್ ಅಲ್ಲ.

ಪರೀಕ್ಷಿಸಲು ಏಪ್ರಿಲ್ ಸ್ಲಿಪ್ ತೆಗೆದುಕೊಳ್ಳಿ. ಹೊಸ ವರ್ಷದಲ್ಲಿ ಅದೇ ಸ್ಲ್ಯಾಬ್‌ಗಳಿದ್ದು 1,35,200ರ ತೆರಿಗೆ ಹನ್ನೆರಡು ತಿಂಗಳಿಗೆ ಹಂಚಿಹೋದರೆ ತಿಂಗಳ ಟಿಡಿಎಸ್ 11,267. ಹಿಂದಿಗಿಂತ 997 ಹೆಚ್ಚು, ಕೈಗೆ 4,003 ಜಾಸ್ತಿ. ಅದಕ್ಕಿಂತ ಕಡಿಮೆ ಕಂಡರೆ ತೆರಿಗೆಯ ಸಾಲು ಬಿಟ್ಟು ಪಿಎಫ್ ಸಾಲನ್ನು ನೋಡಿ: ಮೂಲ ವೇತನ ಏರಿದಾಗ ಅದರ ಶೇ. 12 ಅಲ್ಲಿಗೆ ಹೋಗಿರುತ್ತದೆ, ನಿಮ್ಮದೇ ಖಾತೆಗೆ.