ವ್ಯಾನ್ ಬೀಳುವ ಮೂರು ಸೆಕೆಂಡು

ಕ್ರಿಸ್ಟೋಫರ್ ನೋಲನ್ ಅವರ 2010ರ ‘ಇನ್ಸೆಪ್ಷನ್’ ಸಿನಿಮಾವನ್ನು ಹಾಸನದ ನಮ್ಮ ರೂಮಿನಲ್ಲಿ ನಾಲ್ಕು ಜನ ಕೂತು ಎರಡನೇ ಸಲ ನೋಡಿದೆವು. ಬೇರೆಯವರ ಕನಸಿಗೆ ಇಳಿದು, ಆ ಕನಸಿನೊಳಗೆ ಇನ್ನೊಂದು ಕನಸು ಕಾಣುತ್ತಾ ಹೋಗುವ ತಂಡದ ಕಥೆ ಎಲ್ಲರಿಗೂ ಅರ್ಥವಾಗಿತ್ತು. ಜಗಳ ಬಿದ್ದದ್ದು ಸಮಯದ ಲೆಕ್ಕಕ್ಕೆ. ಆ ಲೆಕ್ಕ ಬಿಡಿಸಿದರೆ ಕೊನೆಯ ದೃಶ್ಯದಲ್ಲಿ ತಿರುಗುವ ಬುಗುರಿಯೂ ಬೇರೆ ಥರ ಕಾಣುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಕಳೆಯೋಣ. ಕೆಫೆಯ ಕನಸಿನಿಂದ ಎದ್ದ ಮೇಲೆ ತಂಡದ ಆರ್ಥರ್ ಹೇಳುವುದು, ಎಚ್ಚರದ 5 ನಿಮಿಷ ಕನಸಿನಲ್ಲಿ ಒಂದು ಗಂಟೆ ಎಂದು. ಅಂದರೆ 12 ಪಟ್ಟು. ಆದರೆ ವಿಮಾನದಲ್ಲಿ ನಡೆಯುವ ಕೆಲಸಕ್ಕೆ ಯೂಸುಫ್ ತಯಾರಿಸಿದ ಮತ್ತಿನ ಔಷಧಿ ಬಳಸುತ್ತಾರೆ, ಅದರಲ್ಲಿ 20 ಪಟ್ಟು. ನಮ್ಮ ಜಗಳ ಅರ್ಧ ಇಲ್ಲೇ ಹುಟ್ಟಿದ್ದು: ಒಬ್ಬ 12ರಿಂದ ಗುಣಿಸುತ್ತಿದ್ದ, ಇನ್ನೊಬ್ಬ 20ರಿಂದ.

ಈ 20 ಪಟ್ಟು ಒಂದೇ ಸಲದ್ದಲ್ಲ, ಒಂದೊಂದು ಹಂತ ಇಳಿದಾಗಲೂ ಮತ್ತೆ ಗುಣಿಸಬೇಕು. ಹಾಸನದಿಂದ ಸಕಲೇಶಪುರದ ಬಸ್ಸಿನಲ್ಲಿ ನೀವು ಒಂದು ಗಂಟೆ ನಿದ್ದೆ ಹೋದಿರಿ ಎಂದುಕೊಳ್ಳಿ. ಮೊದಲ ಹಂತದಲ್ಲಿ 20 ಗಂಟೆ. ಎರಡರಲ್ಲಿ 400 ಗಂಟೆ, ಅಂದರೆ ಹದಿನಾರು ದಿನ ದಾಟಿತು. ಮೂರರಲ್ಲಿ 8000 ಗಂಟೆ, ಹೆಚ್ಚುಕಡಿಮೆ ಹನ್ನೊಂದು ತಿಂಗಳು. ಬಸ್ಸು ಇನ್ನೂ ಸಕಲೇಶಪುರದ ಸ್ಟ್ಯಾಂಡಿಗೆ ಬರುತ್ತಿರುತ್ತದೆ ಅಷ್ಟೆ. ಸಿನಿಮಾದ ಹತ್ತು ಗಂಟೆಯ ವಿಮಾನ ಪ್ರಯಾಣಕ್ಕೆ ಪಾತ್ರಗಳು ಹೇಳುವ ‘ಒಂದು ವಾರ, ಆರು ತಿಂಗಳು, ಹತ್ತು ವರ್ಷ’ ಬಂದದ್ದೂ ಹೀಗೇ, ಸ್ವಲ್ಪ ದುಂಡಗೆ ಮಾಡಿ ಹೇಳಿದ್ದಾರೆ.

ಈಗ ವ್ಯಾನ್. ಮೊದಲ ಹಂತದ ಮಳೆಯ ನಗರದಲ್ಲಿ ಯೂಸುಫ್ ಎಲ್ಲರನ್ನೂ ಮಲಗಿಸಿಕೊಂಡು ವ್ಯಾನ್ ಓಡಿಸುತ್ತಾನೆ. ಅದರ ಕೆಳಗಿನ ಹಂತದ ಹೋಟೆಲಿನಲ್ಲಿ ಆರ್ಥರ್, ಅದಕ್ಕೂ ಕೆಳಗೆ ಹಿಮದ ಕೋಟೆ. ಸೇತುವೆಯಿಂದ ಹಾರಲು ಇನ್ನು 10 ಸೆಕೆಂಡು ಎಂದಾಗ ಆರ್ಥರ್‌ಗೆ 3 ನಿಮಿಷ, ಕೋಟೆಯವರಿಗೆ 60 ನಿಮಿಷ ಎನ್ನುತ್ತಾರೆ. ಗುಣಿಸಿ ನೋಡಿ: 200 ಸೆಕೆಂಡು, ಆಮೇಲೆ 4000 ಸೆಕೆಂಡು. ಸರಿಯಾಗಿಯೇ ಇದೆ. ಆ ಮೊದಲ ಕಿಕ್, ಅಂದರೆ ಎಬ್ಬಿಸುವ ಜೋಲಿ, ಅವರಿಗೆ ತಪ್ಪಿಹೋಗುತ್ತದೆ. ಹಿಮ ಕುಸಿದು ಬರುವುದಷ್ಟೇ ಅದರ ಗುರುತು. ಇನ್ನು ಉಳಿದದ್ದು ವ್ಯಾನ್ ನೀರಿಗೆ ಬಡಿಯುವ ಎರಡನೇ ಕಿಕ್. ಅಷ್ಟರೊಳಗೆ ಕೋಟೆಯಲ್ಲಿ ಸುಮಾರು 20 ನಿಮಿಷ ಸಿಗುತ್ತದೆ. ಇದನ್ನು ಹಿಂದಕ್ಕೆ ಭಾಗಿಸಿ: ಹೋಟೆಲಿನಲ್ಲಿ 1 ನಿಮಿಷ, ವ್ಯಾನಿನಲ್ಲಿ 3 ಸೆಕೆಂಡು. ಮೂರು ಸೆಕೆಂಡಿನಲ್ಲಿ ಒಂದು ವಸ್ತು ಸುಮಾರು 44 ಮೀಟರ್ ಬೀಳುತ್ತದೆ. ಎತ್ತರದ ಸೇತುವೆಗೆ ಇದು ಒಪ್ಪುವ ಅಳತೆ. ಹತ್ತು ಸೆಕೆಂಡು ಬಿದ್ದಿತು ಎಂದುಕೊಂಡಿದ್ದರೆ 490 ಮೀಟರ್ ಆಗುತ್ತಿತ್ತು, ಅಂಥ ಸೇತುವೆಯಂತೂ ಪರದೆಯ ಮೇಲೆ ಇಲ್ಲ.

ಆದರೆ ಆ ಒಂದು ನಿಮಿಷದ ಲೆಕ್ಕಕ್ಕೆ ಹೋಟೆಲಿನಲ್ಲಿ ನಾವು ನೋಡುವ ಆರ್ಥರ್‌ನ ಕೆಲಸ ಹಿಡಿಸುವುದಿಲ್ಲ. ಮಲಗಿದವರನ್ನೆಲ್ಲ ತಂತಿಯಿಂದ ಕಟ್ಟಿ ಲಿಫ್ಟಿಗೆ ಒಯ್ದು ಸ್ಫೋಟಕ ಜೋಡಿಸಬೇಕು. ಇನ್ನೊಂದು: ವ್ಯಾನ್ ಬೀಳುವಾಗ ಹೋಟೆಲಿನಲ್ಲಿ ತೂಕವೇ ಇಲ್ಲದಂತಾಗುತ್ತದೆ, ಹಿಮದ ಕೋಟೆಯಲ್ಲಿ ಮಾತ್ರ ಎಲ್ಲರೂ ನೆಲದ ಮೇಲೇ ಓಡುತ್ತಾರೆ. ಹೋಟೆಲಿನಲ್ಲಿ ತೇಲುತ್ತಿರುವ ದೇಹಗಳು ಕೆಳಗೂ ತೇಲಬೇಕಿತ್ತು. ಸಿನಿಮಾ ಇದಕ್ಕೆ ಕಾರಣ ಕೊಡುವುದಿಲ್ಲ. ನನಗೆ ಇದು ನಿಯಮ ಸಡಿಲವಾದ ಜಾಗ ಎಂದೇ ಅನಿಸುತ್ತದೆ.

ಬುಗುರಿಗೂ ಸಮಯವೇ ಮುಖ್ಯ. ಕನಸೋ ಎಚ್ಚರವೋ ಎಂದು ತಿಳಿಯಲು ತಂಡದ ನಾಯಕ ಕಾಬ್ ತಿರುಗಿಸುವ ಅದು ಅವನ ಹೆಂಡತಿ ಮ್ಯಾಲ್‌ಳದು. ಕನಸಿನಲ್ಲಿ ತಿರುಗುತ್ತಲೇ ಇರುತ್ತದೆ, ಎಚ್ಚರದಲ್ಲಿ ಬೀಳುತ್ತದೆ. ಆರ್ಥರ್‌ನ ದಾಳದ ಜೊತೆ ಇಟ್ಟು ನೋಡಿ. ದಾಳದ ತೂಕ ಯಾವ ಕಡೆ ವಾಲಿದೆ ಎಂಬುದು ಅವನೊಬ್ಬನಿಗೇ ಗೊತ್ತು, ಹಾಗಾಗಿ ಬೇರೆಯವರ ಕನಸಿನಲ್ಲಿ ಅದು ತಪ್ಪು ಬೀಳುತ್ತದೆ. ಬುಗುರಿ ಬೀಳುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಯಾರ ಕನಸಿನಲ್ಲಾದರೂ ಅದು ಬೀಳಬಹುದಲ್ಲ? ಗುಟ್ಟಿಲ್ಲದ ವಸ್ತು ಪರೀಕ್ಷೆಗೆ ಅಷ್ಟು ಗಟ್ಟಿಯಲ್ಲ.

ಬಿದ್ದರೆ ಒಂದು ಉತ್ತರ ಸಿಕ್ಕಿತು ಎನ್ನೋಣ. ಬೀಳದಿದ್ದರೆ? ಎಷ್ಟು ಹೊತ್ತು ಕಾಯುವುದು? ಅಣ್ಣನ ಮಗನ ಮರದ ಬುಗುರಿಯನ್ನು ಚಾಟಿ ಸುತ್ತಿ ರೆಡ್‌ಆಕ್ಸೈಡ್ ನೆಲದ ಮೇಲೆ ಬಿಟ್ಟು ನೋಡಿದೆ. ವೇಗ ಇರುವಷ್ಟು ಹೊತ್ತು ಮೊಳೆಯ ಮೇಲೆ ಅಲುಗದೆ ನಿಂತಿತ್ತು. ವೇಗ ಇಳಿದಾಗ ತಲೆ ನಿಧಾನವಾಗಿ ಸುತ್ತು ಹಾಕತೊಡಗಿತು, ಸುತ್ತು ಅಗಲವಾಯಿತು, ಹೊಟ್ಟೆ ನೆಲಕ್ಕೆ ತಾಗಿ ಉರುಳಿತು. ಕೊನೆಯ ದೃಶ್ಯದ ಬುಗುರಿ ಚೂರೇ ಚೂರು ಓಲಾಡುತ್ತದೆ, ಆಗಲೇ ಪರದೆ ಕಪ್ಪಾಗುತ್ತದೆ. ಆ ಓಲಾಟ ಬೀಳುವುದರ ಮುನ್ಸೂಚನೆ ಎಂದೇ ನಾನು ಓದುತ್ತೇನೆ, ಆದರೆ ಬಿದ್ದದ್ದನ್ನು ನಾವು ನೋಡಿಲ್ಲ. ಸಿನಿಮಾದುದ್ದಕ್ಕೂ ಅದನ್ನು ತಿರುಗಿಸಿ ಕಣ್ಣಿಟ್ಟು ಕಾಯುತ್ತಿದ್ದ ಕಾಬ್ ಕೂಡ ನೋಡಲಿಲ್ಲ. ಬುಗುರಿ ತಿರುಗುತ್ತಿರುವಾಗಲೇ ಮೇಜು ಬಿಟ್ಟು ಮಕ್ಕಳ ಕಡೆ ಹೋಗಿದ್ದ.