ಅರ್ನ್ಡ್ ವ್ಯಾಲ್ಯೂ ಟಿಪ್ಪಣಿ: ಸಿಪಿಐ ಮೂರು ತಿಂಗಳೂ 1.00 ಬಂದರೆ ಎಲ್ಲಿ ನೋಡಬೇಕು?

ಪ್ರಗತಿ ವರದಿಯಲ್ಲಿ ಬರುವ ಎರಡು ಅಂಕಿಗಳನ್ನು ಪರಿಶೀಲಿಸುವುದು ಹೇಗೆ ಎಂದು ಹೋದ ವಾರವಷ್ಟೇ ನನಗೆ ಸರಿಯಾಗಿ ಅರ್ಥವಾಯಿತು. ಒಂದು, ಕೆಲಸ ಶೇಕಡಾ ಎಷ್ಟು ಮುಗಿದಿದೆ. ಇನ್ನೊಂದು, ಇವತ್ತಿನವರೆಗೆ ಎಷ್ಟು ಖರ್ಚಾಗಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪಿವಿ, ಇವಿ, ಎಸಿ ಅಂದರೆ ಏನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಅಂದರೆ ಇಷ್ಟೊತ್ತಿಗೆ ಆಗಬೇಕಿದ್ದ ಕೆಲಸದ ಬಜೆಟ್ ಬೆಲೆ, ನಿಜವಾಗಿ ಆದ ಕೆಲಸದ ಬಜೆಟ್ ಬೆಲೆ, ಆ ಕೆಲಸಕ್ಕೆ ಆದ ನಿಜವಾದ ಖರ್ಚು.

ಉದಾಹರಣೆಗೆ ನಾನು ಸೈಟಿನಲ್ಲಿ ನೋಡಿದಂಥ ಒಂದು ಕೆಲಸ ತೆಗೆದುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. 500 ಮೀಟರ್ ಉದ್ದದ ಕಾಂಕ್ರೀಟ್ ಚರಂಡಿ. ಗುತ್ತಿಗೆದಾರರ ಒಳ ಬಜೆಟ್ 60 ಲಕ್ಷ, ಅವಧಿ 5 ತಿಂಗಳು. ಮೂರನೇ ತಿಂಗಳ ಕೊನೆಯ ವರದಿ ಹೀಗಿತ್ತು: ಕೆಲಸ 70% ಮುಗಿದಿದೆ, ಇವಿ 42 ಲಕ್ಷ, ಎಸಿ 42 ಲಕ್ಷ, ಪಿವಿ 38 ಲಕ್ಷ. ಇವಿಯನ್ನು ಎಸಿಯಿಂದ ಭಾಗಿಸಿದರೆ ಬರುವ ಸಿಪಿಐ 1.00, ಪಿವಿಯಿಂದ ಭಾಗಿಸಿದರೆ ಬರುವ ಎಸ್‌ಪಿಐ 1.11. ಖರ್ಚು ಬಜೆಟ್‌ನಷ್ಟೇ ಇದೆ, ಕೆಲಸ ಪ್ಲಾನ್‌ಗಿಂತ ಮುಂದಿದೆ. ಓದಿದವರಿಗೆ ಸಮಾಧಾನ ಆಗುವಂಥ ವರದಿ.

ಹಿಂದಿನ ಎರಡು ವರದಿಗಳನ್ನು ಪಕ್ಕದಲ್ಲಿ ಇಟ್ಟಾಗ ಅನುಮಾನ ಬಂತು. ಮೊದಲ ತಿಂಗಳು 20%, ಖರ್ಚು 12 ಲಕ್ಷ. ಎರಡನೇ ತಿಂಗಳು 45%, ಖರ್ಚು 27 ಲಕ್ಷ. ಮೂರೂ ತಿಂಗಳು ಸಿಪಿಐ ಸರಿಯಾಗಿ 1.00. ಮಳೆ, ಕೂಲಿ ಆಳುಗಳ ಕೊರತೆ, ತಡವಾಗಿ ಬರುವ ಕಂಬಿ, ಇವೆಲ್ಲ ಇರುವ ಸೈಟಿನಲ್ಲಿ ಖರ್ಚು ಹಾಗೆ ಪೈಸೆಗೆ ಪೈಸೆ ಹೊಂದುವುದಿಲ್ಲ.

ನನ್ನನ್ನು ಎಡವಿಸಿದ ಜಾಗ

70% ಇದ್ದ ಸೆಲ್ ಮೇಲೆ ಕ್ಲಿಕ್ ಮಾಡಿದೆ. ಒಳಗೆ ಇದ್ದ ಲೆಕ್ಕ ಇದು:

```
% complete = AC / BAC
```

ಅಂದರೆ ಖರ್ಚನ್ನು ಒಟ್ಟು ಬಜೆಟ್‌ನಿಂದ ಭಾಗಿಸಿದ್ದಾರೆ. 42 ಭಾಗಿಸು 60, ಅಲ್ಲಿಗೆ 70%. ಇದರಲ್ಲಿ ತಪ್ಪೇನು ಎಂದು ನನಗೆ ಮೊದಲು ಹೊಳೆಯಲೇ ಇಲ್ಲ. ಮುಕ್ಕಾಲು ಪಾಲು ದುಡ್ಡು ಹೋಗಿದ್ದರೆ ಮುಕ್ಕಾಲು ಪಾಲು ಕೆಲಸ ಆಗಿರುತ್ತದೆ ಅಲ್ವಾ ಎನ್ನಿಸಿತ್ತು. ಕಾಗದದ ಮೇಲೆ ಬಿಡಿಸಿ ಬರೆದ ಮೇಲೆ ಗೊತ್ತಾಯಿತು:

```
EV  = % complete × BAC
    = (AC / BAC) × BAC
    = AC
CPI = EV / AC = AC / AC = 1
```

ಬಿಎಸಿ ಮೇಲೂ ಇದೆ, ಕೆಳಗೂ ಇದೆ. ಅದು ಹೊಡೆದುಹೋಗುತ್ತದೆ. ಉಳಿಯುವುದು ಎಸಿ ಮಾತ್ರ. ಆದ್ದರಿಂದ ಸೈಟಿನಲ್ಲಿ ಏನೇ ಆಗಲಿ, ಸಿಪಿಐ ಯಾವಾಗಲೂ 1. ಖರ್ಚನ್ನು ಖರ್ಚಿನ ಜೊತೆಗೇ ಹೋಲಿಸಿದ ಹಾಗಾಯಿತು. ಈ ಸಿಪಿಐ ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಒಂದು ಘಟನೆ ಹಾಕಿ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡನೇ ತಿಂಗಳ ಮಳೆಗೆ ಅಗೆದ 40 ಮೀಟರ್ ಕಾಲುವೆಯ ಮಣ್ಣು ಕುಸಿಯಿತು. ಮತ್ತೆ ಅಗೆಸಬೇಕಾಯಿತು. ಮೀಟರಿಗೆ 1,200 ರೂಪಾಯಿಯಂತೆ 48,000 ರೂಪಾಯಿ ಹೆಚ್ಚಿಗೆ ಹೋಯಿತು. ಚರಂಡಿ ಒಂದಡಿಯೂ ಮುಂದೆ ಹೋಗಲಿಲ್ಲ. ಆದರೆ ಮೇಲಿನ ಲೆಕ್ಕದ ಪ್ರಕಾರ ಆ 48,000ಕ್ಕೂ ಪ್ರಗತಿ ಸಿಗುತ್ತದೆ, 0.8%. ನಷ್ಟವಾದಷ್ಟೂ ಕೆಲಸ ಮುಂದೆ ಹೋದಂತೆ ಕಾಣುತ್ತದೆ. ಸರಿಯಾದ ಲೆಕ್ಕದಲ್ಲಿ ಆ 40 ಮೀಟರ್ ಇವಿಯಲ್ಲಿ ಒಂದೇ ಸಲ ಬರಬೇಕು, ಖರ್ಚಿನಲ್ಲಿ ಎರಡು ಸಲ.

ಇವಿಗೆ ಹಳೆಯ ಹೆಸರು BCWP. ಮಾಡಿದ ಕೆಲಸದ ಬಜೆಟ್ ವೆಚ್ಚ ಎಂದು ಅದರ ಅರ್ಥ. ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ಈ ಪದ್ಧತಿಯನ್ನು ನಿಯಮವಾಗಿ ತಂದಾಗಿನ ಕಾಲದ ಹೆಸರು. ನನಗೆ ಈ ಹಳೆಯ ಹೆಸರೇ ಇಷ್ಟ, ಏಕೆಂದರೆ ಎರಡೂ ನಿಯಮ ಹೆಸರಿನಲ್ಲೇ ಇವೆ. ಪ್ರಮಾಣ ಬರಬೇಕಾದದ್ದು ಮಾಡಿದ ಕೆಲಸದಿಂದ. ದರ ಬರಬೇಕಾದದ್ದು ಬಜೆಟ್‌ನಿಂದ. ಲೆಡ್ಜರ್‌ಗೆ ಅಲ್ಲಿ ಜಾಗವೇ ಇಲ್ಲ. ಕಂಬಿಯ ಬೆಲೆ ಏರಿದರೂ ಇವಿಯಲ್ಲಿ ಹಳೆಯ ಬಜೆಟ್ ದರವೇ ಉಳಿಯುತ್ತದೆ. ಏರಿದ್ದು ಎಸಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ನಿಜವಾಗಿ ಎಷ್ಟು ಮುಗಿದಿದೆ?

ಇದಕ್ಕೆ ಮೆಷರ್‌ಮೆಂಟ್ ಬುಕ್ ಬೇಕು. ಎಂ.ಬಿ.ಯಲ್ಲಿ ತಿಂಗಳ ಕೊನೆಯ ದಿನದ ಅಳತೆ ಹೀಗಿತ್ತು:

| ಕೆಲಸ | ಬಜೆಟ್ (ಲಕ್ಷ) | ಮುಗಿದ ಉದ್ದ (ಮೀ.) | ಶೇಕಡಾ | ಇವಿ (ಲಕ್ಷ) |
|---|---|---|---|---|
| ಅಗೆತ | 6 | 450 | 90 | 5.4 |
| ಬೆಡ್ ಕಾಂಕ್ರೀಟ್ | 5 | 400 | 80 | 4.0 |
| ಕಂಬಿ ಕಟ್ಟುವುದು | 16 | 300 | 60 | 9.6 |
| ತಳ ಮತ್ತು ಗೋಡೆ ಕಾಂಕ್ರೀಟ್, ಶಟರಿಂಗ್ ಸೇರಿ | 24 | 250 | 50 | 12.0 |
| ಕವರ್ ಸ್ಲ್ಯಾಬ್ | 9 | 50 | 10 | 0.9 |
| ಒಟ್ಟು | 60 | | | 31.9 |

31.9 ಭಾಗಿಸು 60, ಅಂದರೆ 53%. ವರದಿಯ 70% ಎಲ್ಲಿ, ಇದು ಎಲ್ಲಿ!

ಸುಮ್ನೆ ಐದು ಶೇಕಡಾಗಳ ಸರಾಸರಿ ತೆಗೆದರೆ 58% ಬರುತ್ತದೆ. ಅದೂ ತಪ್ಪು. 6 ಲಕ್ಷದ ಅಗೆತಕ್ಕೂ 24 ಲಕ್ಷದ ಗೋಡೆಗೂ ಒಂದೇ ತೂಕ ಕೊಟ್ಟ ಹಾಗಾಗುತ್ತದೆ. ಮೊದಲು ಮುಗಿಯುವ ಕೆಲಸಗಳು ಸಾಮಾನ್ಯವಾಗಿ ಅಗ್ಗದವು. ಹಾಗಾಗಿ ಸರಾಸರಿ ಹೆಚ್ಚಾಗಿ ಮೇಲಕ್ಕೇ ಜಾರುತ್ತದೆ.

ಎಂ.ಬಿ.ಯ ಅಳತೆಯನ್ನಾದರೂ ನಂಬುವುದು ಹೇಗೆ? ಇದಕ್ಕೆ ನನಗೆ ಸಿಕ್ಕ ದಾರಿ ರೆಡಿಮಿಕ್ಸ್ ಚಲನ್. ಅದನ್ನು ಬರೆಯುವವರು ಬೇರೆ, ಅಳತೆ ಬರೆಯುವವರು ಬೇರೆ. ಡ್ರಾಯಿಂಗ್ ಪ್ರಕಾರ ತಳ ಮತ್ತು ಗೋಡೆಗೆ ಮೀಟರಿಗೆ 0.6 ಘನ ಮೀಟರ್ ಕಾಂಕ್ರೀಟ್ ಬೇಕು. 250 ಮೀಟರಿಗೆ 150 ಘನ ಮೀಟರ್. ಗೋಡೆ ಕೆಲಸಕ್ಕೆ ಬಂದ ಚಲನ್‌ಗಳನ್ನು ಎಣಿಸಿದೆ. 6 ಘನ ಮೀಟರಿನ 26 ಲಾರಿ, ಒಟ್ಟು 156. ಸೋರಿಕೆ, ಚೆಲ್ಲಿದ್ದು ಎಲ್ಲ ಸೇರಿ 4% ಜಾಸ್ತಿ. ಇದು ಒಪ್ಪುವಂಥ ಅಂತರ. ಗೋಡೆಯೂ 70% ಮುಗಿದಿದ್ದರೆ 350 ಮೀಟರಿಗೆ 210 ಘನ ಮೀಟರ್ ಬೇಕಿತ್ತು, 35 ಲಾರಿ. ಆ 9 ಲಾರಿ ಸೈಟಿಗೆ ಬಂದೇ ಇಲ್ಲ.

ಉಲ್ಟಾ ಕೂಡ ಆಗಬಹುದು. ಚಲನ್ 150ಕ್ಕಿಂತ ಬಹಳ ಕಡಿಮೆ ಇದ್ದರೆ ಅಳತೆ ಉಬ್ಬಿಸಿದ್ದಾರೆ, ಇಲ್ಲವೇ ಗೋಡೆ ತೆಳ್ಳಗಿದೆ. ಎರಡರಲ್ಲಿ ಯಾವುದಾದರೂ ಸೈಟಿಗೆ ಹೋಗಿ ಟೇಪ್ ಹಿಡಿಯಲೇಬೇಕು. ಕೈಯಿಂದ ಕಲಸಿದ ಕಾಂಕ್ರೀಟ್ ಇದ್ದರೆ ಚಲನ್ ಸಿಗುವುದಿಲ್ಲ. ಆಗ ಸ್ಟೋರ್ ರಿಜಿಸ್ಟರಿನ ಸಿಮೆಂಟ್ ಚೀಲಗಳನ್ನು ಎಣಿಸಬೇಕು. ಅದು ಇಷ್ಟು ನಿಖರವಾಗಿರುವುದಿಲ್ಲ.

ಇವತ್ತಿನವರೆಗಿನ ಖರ್ಚು

42 ಲಕ್ಷ ಲೆಡ್ಜರ್‌ನಿಂದ ನೇರವಾಗಿ ಬಂದದ್ದು. ಸರಿಯಾಗೇ ಇರಬೇಕು ಎಂದುಕೊಂಡಿದ್ದೆ. ಅಕೌಂಟ್ಸ್ ನೋಡುವ ಮೇಡಂ ಕೇಳಿದರು: "ಇದು ಕೊಟ್ಟ ದುಡ್ಡು. ನಿಮಗೆ ಬೇಕಾಗಿರೋದು ಆದ ಕೆಲಸದ ಖರ್ಚು ಅಲ್ವಾ?" ಆ ಒಂದು ಪ್ರಶ್ನೆಯ ಮೇಲೆ ಇಬ್ಬರೂ ಕೂತು ನಾಲ್ಕು ತಿದ್ದುಪಡಿ ಮಾಡಿದೆವು.

ಮೊದಲನೆಯದು ಯಾರ್ಡಿನಲ್ಲಿದ್ದ ಕಂಬಿ. ಬೆಲೆ ಏರುತ್ತದೆ ಎಂದು ಒಟ್ಟಿಗೆ ತರಿಸಿದ್ದರು. 4 ಲಕ್ಷದ ಕಂಬಿ ಇನ್ನೂ ಕಟ್ಟಿಲ್ಲ. ಇವಿಯಲ್ಲಿ ಕಟ್ಟಿದ 300 ಮೀಟರ್ ಮಾತ್ರ ಎಣಿಸಿದ್ದೇವೆ. ಹಾಗಾಗಿ ಈ 4 ಲಕ್ಷ ಎಸಿಯಿಂದ ಕಳೆಯಬೇಕು. ಸಾಮಾನು ಸೈಟಿಗೆ ಬಂದ ಕೂಡಲೇ ಇವಿ ಕೊಡುವ ಪದ್ಧತಿಯೂ ಕೆಲವು ಕಡೆ ಇದೆ. ಅದೂ ತಪ್ಪಲ್ಲ. ಆದರೆ ಎರಡೂ ಕಡೆ ಒಂದೇ ನಿಯಮ ಇರಬೇಕು, ತಿಂಗಳಿಗೊಮ್ಮೆ ಬದಲಿಸಬಾರದು.

ಎರಡನೆಯದು ಲೇಬರ್ ಮೇಸ್ತ್ರಿಗೆ ಕೊಟ್ಟ ಮುಂಗಡ. ಅದರಲ್ಲಿ 1.5 ಲಕ್ಷ ಇನ್ನೂ ಬಿಲ್ಲಿನಲ್ಲಿ ವಜಾ ಆಗಿಲ್ಲ. ದುಡ್ಡು ಹೋಗಿದೆ, ಕೆಲಸ ಬಂದಿಲ್ಲ. ಅದನ್ನೂ ಕಳೆಯಬೇಕು.

ಮೂರನೆಯದು ಎದುರು ದಿಕ್ಕಿನದು. ತಿಂಗಳ ಕೊನೆಯ ಹತ್ತು ದಿನದ ರೆಡಿಮಿಕ್ಸ್ ಮತ್ತು ಕೂಲಿಯ ಬಿಲ್ ಇನ್ನೂ ಬಂದಿರಲಿಲ್ಲ. ಆದರೆ ಆ ದಿನಗಳ ಗೋಡೆ ಎಂ.ಬಿ.ಯಲ್ಲಿದೆ. ಕೆಲಸ ಎಣಿಸಿ ಖರ್ಚು ಬಿಟ್ಟರೆ ಸಿಪಿಐ ಸುಳ್ಳಾಗಿ ಮೇಲೇರುತ್ತದೆ. ಚಲನ್ ಮತ್ತು ಹಾಜರಿ ಪುಸ್ತಕದಿಂದ ಅಂದಾಜಿಸಿ 2.6 ಲಕ್ಷ ಸೇರಿಸಿದೆವು.

ನಾಲ್ಕನೆಯದು ರಿಟೆನ್ಷನ್. ಸಬ್‌ಕಾಂಟ್ರಾಕ್ಟರ್‌ನ 18 ಲಕ್ಷದ ಬಿಲ್ಲುಗಳಲ್ಲಿ 5% ಹಿಡಿದಿಟ್ಟಿದ್ದರು. ಲೆಡ್ಜರ್‌ನಲ್ಲಿ ಕೈಗೆ ಕೊಟ್ಟಷ್ಟೇ ಬರೆದಿತ್ತು. ಆ 0.9 ಲಕ್ಷವೂ ಆದ ಕೆಲಸದ ಖರ್ಚೇ, ತಡವಾಗಿ ಕೊಡುತ್ತೇವೆ ಅಷ್ಟೆ.

```
AC = 42.0 − 4.0 − 1.5 + 2.6 + 0.9 = 40.0
```

ಬಜೆಟ್ ಜಿಎಸ್‌ಟಿ ಬಿಟ್ಟು ಮಾಡಿದ್ದರೆ ಲೆಡ್ಜರ್ ಅಂಕಿಯೂ ಜಿಎಸ್‌ಟಿ ಬಿಟ್ಟಿರಬೇಕು. ನಮ್ಮಲ್ಲಿ ಅದು ಸರಿಯಾಗಿತ್ತು.

42ರಿಂದ 40ಕ್ಕೆ ಇಳಿದದ್ದು ಸಣ್ಣ ಬದಲಾವಣೆ ಎನ್ನಿಸಬಹುದು. ಆದರೆ ಒಳಗೆ 5.5 ಲಕ್ಷ ಹೊರಗೆ ಹೋಗಿದೆ, 3.5 ಲಕ್ಷ ಒಳಗೆ ಬಂದಿದೆ. ಒಟ್ಟು ಅಂಕಿ ಹತ್ತಿರ ಬಂದಿದೆ ಎಂದು ಒಳಗಿನದ್ದನ್ನು ನೋಡದೆ ಬಿಡಬಾರದು. ಮುಂದಿನ ತಿಂಗಳು ಇವು ಹೀಗೆ ಒಂದನ್ನೊಂದು ಸರಿದೂಗಿಸದೇ ಇರಬಹುದು.

ಹೊಸ ಅಂಕಿಗಳು

ಸಿಪಿಐ ಈಗ 31.9 ಭಾಗಿಸು 40, ಅಂದರೆ 0.80. ಎಸ್‌ಪಿಐ 31.9 ಭಾಗಿಸು 38, ಅಂದರೆ 0.84. ಪ್ಲಾನ್‌ಗಿಂತ ಮುಂದಿದ್ದ ಕೆಲಸ ಹಿಂದೆ ಬಿತ್ತು. ಇದೇ ಗತಿಯಲ್ಲಿ ಹೋದರೆ ಕೊನೆಯ ಖರ್ಚು 60ನ್ನು ಸಿಪಿಐನಿಂದ ಭಾಗಿಸಿದಷ್ಟು, ಸುಮಾರು 75 ಲಕ್ಷ.

ಆದರೆ 75 ಎಂದು ಬರೆದು ನಿಲ್ಲಿಸಲು ಮನಸ್ಸಾಗಲಿಲ್ಲ. ಇವಿಗೂ ಎಸಿಗೂ 8.1 ಲಕ್ಷದ ಅಂತರ ಇದೆ. ಎಲ್ಲಿಂದ ಬಂತು ಎಂದು ಖರ್ಚನ್ನೂ ಐದು ಕೆಲಸಗಳಿಗೆ ಹಂಚಿದೆವು. ಅಗೆತದಲ್ಲಿ 0.7 ಜಾಸ್ತಿ, ಅದರಲ್ಲಿ ಕುಸಿದ ಮಣ್ಣಿನದೇ 0.48. ಅದು ಮತ್ತೆ ಆಗಲಾರದು. ಬೆಡ್ ಕಾಂಕ್ರೀಟಿನಲ್ಲಿ 0.3, ಕಂಬಿಯಲ್ಲಿ 1.5, ಸ್ಲ್ಯಾಬಿನಲ್ಲಿ 0.2. ಉಳಿದ 5.4 ಲಕ್ಷ ಪೂರ್ತಿ ಗೋಡೆಯಲ್ಲಿ. ಮೀಟರಿಗೆ 4,800 ಆಗಬೇಕಿದ್ದದ್ದು 6,960 ಆಗಿದೆ. ಶಟರಿಂಗ್ ಪ್ಲೇಟುಗಳನ್ನು ತಿಂಗಳ ಬಾಡಿಗೆಗೆ ತಂದಿದ್ದರು. ಕಂಬಿ ಕಟ್ಟುವವರು ಸಾಲದೆ ಪ್ಲೇಟುಗಳು ಎಷ್ಟೋ ದಿನ ಸುಮ್ಮನೆ ಬಿದ್ದಿದ್ದವು. ಬಾಡಿಗೆ ಮಾತ್ರ ಓಡುತ್ತಿತ್ತು.

ಗೋಡೆ ಇನ್ನೂ ಅರ್ಧ ಬಾಕಿ ಇದೆ. ಹಾಗಾಗಿ ಒಂದೊಂದು ಕೆಲಸಕ್ಕೂ ಅದರದ್ದೇ ಸಿಪಿಐ ಹಾಕಿ ಕೂಡಿಸಿದರೆ ಕೊನೆಯ ಖರ್ಚು 75 ಅಲ್ಲ, ಸುಮಾರು 76.5 ಲಕ್ಷ ಬರುತ್ತದೆ. ಅದರಲ್ಲಿ ಗೋಡೆಯದೇ 34.8. ತಿದ್ದಿದ ವರದಿಯಲ್ಲಿ ಎರಡೂ ಅಂಕಿ ಬರೆದು, ಕೆಳಗೆ ಪ್ಲೇಟುಗಳು ಖಾಲಿ ಬಿದ್ದಿದ್ದ ದಿನಗಳ ಪಟ್ಟಿ ಹಾಕಿ ಕಳಿಸಿದೆವು.