ಕೋರ್ 68, ಮೆಮೊರಿ 110: ಗ್ರಾಫಿಕ್ಸ್ ಕಾರ್ಡಿನ ಒಂದು ಅಂಕಿ ಮೂರಾದ ಕಥೆ

2021ರ ಮೊದಲ ತಿಂಗಳುಗಳು. ಕಂಪ್ಯೂಟರಿನ ಬಿಸಿ, ವೇಗ ತೋರಿಸುವ HWiNFO ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಕೊಂಡ ಎನ್‌ವಿಡಿಯಾ ಆರ್‌ಟಿಎಕ್ಸ್ 3080, 3090 ಕಾರ್ಡುಗಳ ಮಾಲೀಕರಿಗೆ ಪರದೆಯ ಮೇಲೆ ಒಂದು ಹೊಸ ಸಾಲು ಕಾಣಿಸಿತು: GPU Memory Junction Temperature. ಅದರ ಮುಂದೆ 104, 106, ಕೆಲವರಿಗೆ ನೇರವಾಗಿ 110 ಡಿಗ್ರಿ. ಅದೇ ಹೊತ್ತಿಗೆ ಮೇಲಿನ GPU Temperature ಸಾಲಿನಲ್ಲಿ 68 ಎಂದು ತಣ್ಣಗೆ ಕೂತಿತ್ತು. ಜನ ಹೌಹಾರಿದರು. ಆದರೆ ಹಿಂದಿನ ದಿನವೂ ಕಾರ್ಡ್ ಅಷ್ಟೇ ಬಿಸಿ ಇತ್ತು. ಯಾರಿಗೂ ಕಂಡಿರಲಿಲ್ಲ, ಅಷ್ಟೆ.

ಇವತ್ತಿಗೂ "ನನ್ನ ಕಾರ್ಡ್ 90 ತೋರಿಸ್ತಿದೆ, ಸರಿನಾ?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, "ಯಾವ 90?" ಎಂದು. ಕೋರ್, ಅಂದರೆ GPU Temperature ಸಾಲಿನ ಮುಖ್ಯ ಚಿಪ್, 90 ಆಗಿದ್ದರೆ ಏನೋ ಕೆಟ್ಟಿದೆ. ಹಾಟ್‌ಸ್ಪಾಟ್, ಅಂದರೆ ಆ ಚಿಪ್ಪಿನ ಅತಿ ಬಿಸಿ ಜಾಗ, 90 ಆಗಿದ್ದರೆ ಕೋರ್ ಎಷ್ಟಿದೆ ಅಂತ ನೋಡಬೇಕು. ಮೆಮೊರಿ 90 ಆಗಿದ್ದರೆ ಸುಮ್ನೆ ಆಟ ಮುಂದುವರಿಸಬಹುದು.

ಮೊದಲು ಹೀಗಿರಲಿಲ್ಲ. ಬಹಳ ವರ್ಷ ಕಾರ್ಡ್ ನಮಗೆ ತೋರಿಸುತ್ತಿದ್ದುದು ಒಂದೇ ಅಂಕಿ. ಚಿಪ್ಪಿನ ಒಂದು ಕಡೆ ಕೂತ ಸೆನ್ಸರ್ ಏನು ಹೇಳುತ್ತದೋ ಅದೇ ಉಷ್ಣಾಂಶ. ಆದರೆ ಚಿಪ್ ಎಲ್ಲ ಕಡೆ ಒಂದೇ ಸಮ ಬಿಸಿಯಾಗುವುದಿಲ್ಲ. ಕಾವಲಿ ಮೇಲಿನ ದೋಸೆ ನೋಡಿ, ನಡುವೆ ಕೆಂಪಾಗುವ ಹೊತ್ತಿಗೆ ಅಂಚು ಇನ್ನೂ ಬಿಳಿಯೇ ಇರುತ್ತದೆ. ಅಂಚಿನ ಸೆನ್ಸರ್ 75 ಎನ್ನುವಾಗ ನಡುವೆ 95 ಇರಬಹುದು. ಅದು ಗೊತ್ತಾಗದ ಕಾರಣ ಕಂಪನಿಗಳು ಜಾಗ್ರತೆಗೆಂದು ಮಿತಿಯನ್ನು ಕೆಳಗೇ ಇಡುತ್ತಿದ್ದವು.

ಇದು ಬದಲಾದದ್ದು 2019ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಬಂದ ಎಎಮ್‌ಡಿಯ ರೇಡಿಯಾನ್ 7 ಕಾರ್ಡಿನ ಚಿಪ್ಪಿನಲ್ಲಿ 64 ಕಡೆ ಸೆನ್ಸರ್ ಇತ್ತು. ಅವುಗಳಲ್ಲಿ ಅತಿ ಬಿಸಿಯಾದದ್ದನ್ನು ಕಂಪನಿ ಜಂಕ್ಷನ್ ಉಷ್ಣಾಂಶ ಎಂದು ಕರೆದು ಬೇರೆಯಾಗಿಯೇ ತೋರಿಸಿತು. ಜುಲೈನಲ್ಲಿ ಆರ್‌ಎಕ್ಸ್ 5700 ಎಕ್ಸ್‌ಟಿ ಬಂದಾಗ ಜನ 110 ನೋಡಿ ಗಾಬರಿಯಾದರು. ಆಟ ಆಡುವಾಗ ಜಂಕ್ಷನ್ 110ರ ತನಕ ಹೋಗುವುದು ನಿರೀಕ್ಷಿತವೇ, ಮಿತಿಯ ಒಳಗೇ ಇದೆ ಎಂದು ಎಎಮ್‌ಡಿ ಆಗಸ್ಟ್‌ನಲ್ಲಿ ಹೇಳಿತು. ತರ್ಕ ಇಷ್ಟೇ: ಯಾವ ಮೂಲೆ ಎಷ್ಟು ಬಿಸಿ ಎಂದು ಗೊತ್ತಿರುವಾಗ ಅಂದಾಜಿನ ಮೇಲೆ ಮೊದಲೇ ಬ್ರೇಕ್ ಹಾಕುವುದು ಯಾಕೆ? ಯಾವುದಾದರೂ ಒಂದು ಸೆನ್ಸರ್ 110 ಮುಟ್ಟುವ ತನಕ ವೇಗ ಏರಿಸಬಹುದಲ್ಲ.

ಇಂಜಿನಿಯರ್ ಲೆಕ್ಕದಲ್ಲಿ ಇದು ಸರಿ. ಕೊಂಡವರ ಕಣ್ಣಿಗೆ ಮಾತ್ರ ನೀರು ಕುದಿಯುವ ಅಂಕಿಯನ್ನು ದಾಟಿದ ಕಾರ್ಡ್ ಕಾಣುತ್ತಿತ್ತು. ನಾವು ಹಾಟ್‌ಸ್ಪಾಟ್ ಎನ್ನುವುದೂ ಇದನ್ನೇ. ಎನ್‌ವಿಡಿಯಾ ಕಾರ್ಡುಗಳಲ್ಲಿ ಈ ಅಂಕಿ GPU Hot Spot Temperature ಎಂಬ ಹೆಸರಿನಲ್ಲಿ ಆಮೇಲೆ ಕಾಣಿಸಿಕೊಂಡಿತು.

ಇನ್ನು ಮೆಮೊರಿಯ ಕಥೆ. 2020ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 3080, 3090 ಜೊತೆ ಮೈಕ್ರಾನ್ ಕಂಪನಿಯ ಜಿಡಿಡಿಆರ್6ಎಕ್ಸ್ ಮೆಮೊರಿ ಬಂತು. ಹಳೆಯ ಜಿಡಿಡಿಆರ್6ನಲ್ಲಿ ಒಂದು ಸಂಕೇತಕ್ಕೆ ಎರಡು ಮಟ್ಟ, ಅಂದರೆ ಒಂದು ಬಿಟ್. ಹೊಸದರಲ್ಲಿ ನಾಲ್ಕು ಮಟ್ಟ, ಎರಡು ಬಿಟ್. ವೇಗ ಜಾಸ್ತಿ, ಜೊತೆಗೆ ಬಿಸಿಯೂ ಜಾಸ್ತಿ. 3090ರಲ್ಲಿ ಇನ್ನೊಂದು ಫಜೀತಿ ಇತ್ತು. 24 ಜಿಬಿ ಆಗಬೇಕು, ಆಗ ಸಿಗುತ್ತಿದ್ದುದು 1 ಜಿಬಿಯ ಚಿಪ್. ಹಾಗಾಗಿ 24 ಚಿಪ್ ಬೇಕಾದವು. 12 ಮುಂಭಾಗದಲ್ಲಿ ಬಿಸಿ ಹೀರುವ ಹೀಟ್‌ಸಿಂಕ್ ಕೆಳಗೆ, ಉಳಿದ 12 ಬೋರ್ಡಿನ ಹಿಂಭಾಗದಲ್ಲಿ. ಅಲ್ಲಿ ಫ್ಯಾನಿನ ಗಾಳಿ ಇಲ್ಲ. ಬ್ಯಾಕ್‌ಪ್ಲೇಟ್ ಎಂಬ ತಗಡೇ ಗತಿ. 2022ರ ಮಾರ್ಚ್‌ನಲ್ಲಿ ಬಂದ 3090 ಟಿಐನಲ್ಲಿ 2 ಜಿಬಿ ಚಿಪ್ ಹಾಕಿ 12ನ್ನೂ ಮುಂದಕ್ಕೇ ತಂದರು, ಆ ತಲೆನೋವು ಮುಗಿಯಿತು.

ಇದನ್ನೆಲ್ಲ ಬಯಲಿಗೆ ತಂದದ್ದು ಆಟ ಆಡುವವರಿಗಿಂತ ಹೆಚ್ಚಾಗಿ ಕಾರ್ಡಿನಿಂದ ಲೆಕ್ಕ ಮಾಡಿಸಿ ಇಥೀರಿಯಮ್ ಕ್ರಿಪ್ಟೋ ಹಣ ಗಳಿಸುವ ಮೈನಿಂಗ್ ಮಾಡುತ್ತಿದ್ದವರು. ಮೈನಿಂಗ್‌ನಲ್ಲಿ ಕೋರಿಗೆ ಅಷ್ಟು ಕೆಲಸವಿಲ್ಲ, ಮೆಮೊರಿಗೆ ಬಿಡುವೇ ಇಲ್ಲ. ಕರೆಂಟ್ ಬಿಲ್ ಉಳಿಸಲು ಅವರು ಕೋರಿನ ವಿದ್ಯುತ್ ಇಳಿಸುತ್ತಿದ್ದರು. ಕೋರ್ 55 ಡಿಗ್ರಿಗೆ ತಣ್ಣಗಾಗುತ್ತಿತ್ತು. ಎಡವಟ್ಟು ಆಗುತ್ತಿದ್ದುದು ಇಲ್ಲೇ. ಬಹಳ ಕಾರ್ಡುಗಳಲ್ಲಿ ಫ್ಯಾನ್ ಕೋರಿನ ಉಷ್ಣಾಂಶ ನೋಡಿ ತಿರುಗುತ್ತದೆ. ಕೋರ್ ತಣ್ಣಗಿದ್ದರೆ ಫ್ಯಾನಿಗೂ ಆರಾಮ. ಪಕ್ಕದಲ್ಲಿ ಮೆಮೊರಿ ಬೇಯುತ್ತಿದ್ದರೂ ಅದಕ್ಕೆ ಗೊತ್ತಾಗದು. ಮೆಮೊರಿ 110 ಮುಟ್ಟಿದೊಡನೆ ಕಾರ್ಡ್ ತಾನಾಗಿ ವೇಗ ಇಳಿಸುತ್ತಿತ್ತು, ಮೈನಿಂಗ್ ವೇಗವಾದ ಹ್ಯಾಶ್‌ರೇಟ್ ಧಡಕ್ಕನೆ ಕುಸಿಯುತ್ತಿತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್‌ನಲ್ಲಿ ಮೈನಿಂಗ್ ನಿಂತಿತು. ಆ ಕಾರ್ಡುಗಳಲ್ಲಿ ಬಹಳಷ್ಟು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿದವು.

ಹಾಗಾದರೆ ವೇಗ ಯಾವಾಗ ಇಳಿಯುತ್ತದೆ? ಎರಡು ಬಗೆಯ ಇಳಿತವಿದೆ. ಒಂದು ಮೆಲ್ಲಗೆ ಆಗುವುದು. ಎನ್‌ವಿಡಿಯಾ ಕಾರ್ಡ್ ಬಿಸಿಯಾದ ಹಾಗೆಲ್ಲ ಕೋರ್ ವೇಗವನ್ನು ಸುಮಾರು 15 ಮೆಗಾಹರ್ಟ್ಸ್‌ನಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಇದು 60ಕ್ಕಿಂತ ಕೆಳಗೇ ಶುರುವಾಗಿರುತ್ತದೆ. ಆಟದಲ್ಲಿ ಗೊತ್ತೇ ಆಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ನಿಜವಾದ ಬ್ರೇಕ್. ಆರ್‌ಟಿಎಕ್ಸ್ 30 ಸಾಲಿನ ಬಹುತೇಕ ಕಾರ್ಡುಗಳಲ್ಲಿ ಕೋರ್ 83 ಆಸುಪಾಸು ಹೋದರೆ, ಜಿಡಿಡಿಆರ್6ಎಕ್ಸ್ ಮೆಮೊರಿ 110 ಮುಟ್ಟಿದರೆ, ಎಎಮ್‌ಡಿಯಲ್ಲಿ ಜಂಕ್ಷನ್ 110 ಮುಟ್ಟಿದರೆ ಇದು ಬೀಳುತ್ತದೆ. ಈ ಮೂರರಲ್ಲಿ ಯಾವುದು ಮೊದಲು ಬಂದರೂ ಸಾಕು. ಕೋರ್ 68 ಇದ್ದೂ ಫ್ರೇಮ್ ಬೀಳುವುದು ಹೀಗೆ.

ಊಹೆ ಮಾಡುತ್ತ ಕೂರಬೇಕಿಲ್ಲ. HWiNFOದಲ್ಲಿ `Performance Limit - Thermal` ಎಂಬ ಸಾಲು Yes ಆದರೆ ಬಿಸಿಯಿಂದಲೇ ಬ್ರೇಕ್ ಬಿದ್ದಿದೆ ಎಂದರ್ಥ. ಎನ್‌ವಿಡಿಯಾ ಕಾರ್ಡ್ ಇದ್ದರೆ ಕಮಾಂಡ್‌ನಲ್ಲೂ ನೋಡಬಹುದು:

```
nvidia-smi -q -d PERFORMANCE
```

ಇದರಲ್ಲಿ `SW Thermal Slowdown` ಅಥವಾ `HW Thermal Slowdown` ಮುಂದೆ Active ಇದೆಯಾ ನೋಡಿ. ಆಟ ನಡೆಯುತ್ತಿರುವಾಗಲೇ ನೋಡಬೇಕು, ಮುಚ್ಚಿದ ಮೇಲೆ ಅಲ್ಲ.

ಬರೀ ಅಂಕಿಗಿಂತ ಅಂತರ ಹೆಚ್ಚು ಹೇಳುತ್ತದೆ. ಪೂರ್ತಿ ಕೆಲಸ ಕೊಟ್ಟಾಗ ಹಾಟ್‌ಸ್ಪಾಟ್ ಕೋರಿಗಿಂತ 10ರಿಂದ 20 ಡಿಗ್ರಿ ಮೇಲಿರುವುದು ಮಾಮೂಲು. ಎಎಮ್‌ಡಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಅಂತರ 30 ದಾಟಿದರೆ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂತಿಲ್ಲ ಅಥವಾ ನಡುವಿನ ಪೇಸ್ಟ್ ಅಂಚಿಗೆ ಹರಿದು ಹೋಗಿದೆ ಎಂಬ ಅನುಮಾನ ಬರಬೇಕು. 2022ರ ಡಿಸೆಂಬರ್‌ನಲ್ಲಿ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಬಂದಾಗ ಕೆಲವು ಕಾರ್ಡುಗಳ ತೊಂದರೆ ಬಯಲಾದದ್ದೂ ಇಂಥ ಅಂತರದಿಂದಲೇ. ಹಾಟ್‌ಸ್ಪಾಟ್ 110, ಕೋರ್ ಮಾತ್ರ ಎಷ್ಟೋ ಕೆಳಗೆ. ಜರ್ಮನಿಯ ಯೂಟ್ಯೂಬರ್ ಡೆರ್‌ಬಾವರ್ ಕಾರ್ಡನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಅಡ್ಡ ಮಲಗಿಸಿ ಅಳೆದರು. ಮಲಗಿಸಿದಾಗ ಬಿಸಿ ಏರುತ್ತಿತ್ತು. ಪೇಸ್ಟ್ ಕೆಟ್ಟಿದ್ದರೆ ಕಾರ್ಡ್ ತಿರುಗಿಸಿದ್ದಕ್ಕೆ ಇಷ್ಟು ವ್ಯತ್ಯಾಸ ಬರುವುದಿಲ್ಲ, ಅಲ್ವಾ? ಕಡೆಗೆ ನೀರನ್ನು ಆವಿ ಮಾಡಿ ಬಿಸಿ ಸಾಗಿಸುವ, ಕೂಲರಿನ ವೇಪರ್ ಚೇಂಬರ್ ಒಳಗೆ ನೀರು ಕಡಿಮೆ ಇದ್ದದ್ದೇ ಕಾರಣ ಎಂದು 2023ರ ಜನವರಿಯಲ್ಲಿ ಎಎಮ್‌ಡಿ ಒಪ್ಪಿಕೊಂಡಿತು.

ನನ್ನದೇ ಒಂದು ಪಾಡು ಹೇಳುತ್ತೇನೆ. ಜಿಡಿಡಿಆರ್6ಎಕ್ಸ್ ಮೆಮೊರಿಯ ಒಂದು ಹಳೆಯ ಕಾರ್ಡನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಮಾರಿದವರು "ಬರೀ ಗೇಮಿಂಗ್ ಸಾರ್" ಅಂದರು. ಕೋಣೆ 27 ಡಿಗ್ರಿ. ಅರ್ಧ ಗಂಟೆ ಆಡಿದ ಮೇಲೆ ಕೋರ್ 72, ಹಾಟ್‌ಸ್ಪಾಟ್ 86, ಮೆಮೊರಿ 110. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಳೆದಾಡುತ್ತಿತ್ತು. ಕೋರಿಗೂ ಹಾಟ್‌ಸ್ಪಾಟಿಗೂ 14 ಡಿಗ್ರಿ ಅಂತರ, ಅಂದರೆ ಪೇಸ್ಟ್ ಸರಿ ಇದೆ. ತೊಂದರೆ ಮೆಮೊರಿಯ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪ್ಯಾಡಿನದು. ಬಿಚ್ಚಿ ನೋಡಿದರೆ ಪ್ಯಾಡುಗಳು ಒಣಗಿ ಪುಡಿಯಾಗಿದ್ದವು, ಬೋರ್ಡಿನ ತುಂಬ ಎಣ್ಣೆ ಜಿಡ್ಡು.

ಇಲ್ಲಿ ನಾನು ದಡ್ಡತನ ಮಾಡಿದೆ. ದಪ್ಪ ಇದ್ದಷ್ಟೂ ಗಟ್ಟಿಯಾಗಿ ಒತ್ತುತ್ತದೆ ಅಂದುಕೊಂಡು 2 ಮಿ.ಮೀ. ಪ್ಯಾಡ್ ಹಾಕಿದೆ. ಮೆಮೊರಿ 84ಕ್ಕೆ ಇಳಿಯಿತು. ಕುಣಿಯುವಷ್ಟು ಖುಷಿ. ಹಾಟ್‌ಸ್ಪಾಟ್ ನೋಡಿದರೆ 105, ಕೋರ್ 74. ಅಂತರ 31! ದಪ್ಪ ಪ್ಯಾಡುಗಳು ಹೀಟ್‌ಸಿಂಕನ್ನು ಕೂದಲೆಳೆಯಷ್ಟು ಮೇಲೆತ್ತಿದ್ದವು. ಕೋರಿನ ಮೇಲೆ ಅದು ಕೂತೇ ಇರಲಿಲ್ಲ. ಮೆಮೊರಿಯ ಅಂಕಿ ಒಂದನ್ನೇ ನೋಡಿದ್ದರೆ ಕೆಲಸ ಮುಗಿಯಿತು ಅಂದುಕೊಂಡು ಮುಚ್ಚಿಬಿಡುತ್ತಿದ್ದೆ. ಮತ್ತೆ ಬಿಚ್ಚಿ, ಹಳೆಯ ಪ್ಯಾಡಿನ ಒತ್ತಿರದ ಅಂಚನ್ನು ವರ್ನಿಯರ್‌ನಿಂದ ಅಳೆದೆ. 1.5 ಮಿ.ಮೀ. ಅದೇ ದಪ್ಪದ್ದು, ಮೆತ್ತನೆಯದು ಹಾಕಿ, ಪೇಸ್ಟನ್ನೂ ಹೊಸದಾಗಿ ಹಚ್ಚಿದೆ. ಕೋರ್ 70, ಹಾಟ್‌ಸ್ಪಾಟ್ 83, ಮೆಮೊರಿ 88. ಒಂದೊಂದು ಮಾದರಿಗೆ, ಒಂದೇ ಕಾರ್ಡಿನ ಒಂದೊಂದು ಜಾಗಕ್ಕೆ ದಪ್ಪ ಬೇರೆ. ಅಳತೆ ಸಿಗದಿದ್ದರೆ ಥರ್ಮಲ್ ಪುಟ್ಟಿ ವಾಸಿ. ಕಣಕದ ಹಾಗೆ ಮೆತ್ತಗಿರುತ್ತದೆ, ಒತ್ತಿದಷ್ಟು ಹರಡಿಕೊಳ್ಳುತ್ತದೆ.

ಬಿಚ್ಚುವ ಮೊದಲು ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಫ್ಯಾನ್ ಅದೇ ವೇಗದಲ್ಲಿದ್ದರೆ ಕೋಣೆ ಏರಿದಷ್ಟೂ ಹೆಚ್ಚುಕಡಿಮೆ ಕಾರ್ಡೂ ಏರುತ್ತದೆ. ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ 94 ಇದ್ದ ಮೆಮೊರಿ, ಏಪ್ರಿಲ್‌ನಲ್ಲಿ ಕಲಬುರಗಿಯ 38 ಡಿಗ್ರಿ ಕೋಣೆಯಲ್ಲಿ 106ರ ಹತ್ತಿರ ಹೋಗುತ್ತದೆ. ಕಾರ್ಡ್ ಕೆಟ್ಟಿದೆ ಎಂದಲ್ಲ. ಮೊದಲು ಫ್ಯಾನ್ ವೇಗ ಏರಿಸಿ, ಮೆಮೊರಿ ವೇಗ ಸ್ವಲ್ಪ ಇಳಿಸಿ ನೋಡಿ. ಇನ್ನೊಂದು ಮಾತು, ಎನ್‌ವಿಡಿಯಾದ ಮಾಮೂಲು ಜಿಡಿಡಿಆರ್6 ಕಾರ್ಡುಗಳಲ್ಲಿ, ಉದಾಹರಣೆಗೆ ಆರ್‌ಟಿಎಕ್ಸ್ 3070ರಲ್ಲಿ, ಮೆಮೊರಿ ಸಾಲು ಕಾಣುವುದೇ ಇಲ್ಲ. ಅದು ಸಾಫ್ಟ್‌ವೇರಿನ ತಪ್ಪಲ್ಲ.

2025ರ ಜನವರಿಯಲ್ಲಿ ಆರ್‌ಟಿಎಕ್ಸ್ 50 ಸಾಲು ಬಂದಾಗ ಕಥೆ ಅರ್ಧ ಹಿಂದಕ್ಕೆ ಹೋಯಿತು. ಜಿಡಿಡಿಆರ್7 ಮೆಮೊರಿಯ ಉಷ್ಣಾಂಶ ಕಾಣುತ್ತದೆ, ಹಾಟ್‌ಸ್ಪಾಟ್ ಸಾಲು ಮಾತ್ರ ಮಾಯ. ಅಂತರ ನೋಡಿ ಪೇಸ್ಟಿನ ಗತಿ ಹೇಳುವ ದಾರಿ ಆ ಕಾರ್ಡುಗಳಲ್ಲಿ ಮುಚ್ಚಿತು. ಹೊಸ ಕಾರ್ಡ್ ತಂದ ಗೆಳೆಯನಿಗೆ ನಾನು ಹೇಳಿದ್ದು ಇಷ್ಟು: ಮೊದಲ ವಾರದಲ್ಲೇ ಒಂದೇ ಆಟವನ್ನು ಅರ್ಧ ಗಂಟೆ ಓಡಿಸಿ ಕೋರ್, ಮೆಮೊರಿ, ಫ್ಯಾನಿನ ಆರ್‌ಪಿಎಮ್, ಕೋಣೆಯ ಬಿಸಿ ಬರೆದಿಡು. ಅವನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದ್ದಾನೆ. ಎರಡು ವರ್ಷ ಬಿಟ್ಟು ಅದೇ ಆಟ, ಅದೇ ಕೋಣೆಯಲ್ಲಿ ಫ್ಯಾನ್ ಜಾಸ್ತಿ ತಿರುಗಿಯೂ ಕೋರ್ ಮೇಲೆ ಹೋದರೆ ಬಿಚ್ಚುತ್ತೇವೆ.